ಮಂಗನ ಕಾಯಿಲೆ: ಪಟ್ಟಿಯಲ್ಲಿ ಇಲ್ಲದ ಕಾಲಂಗಳು

ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಮಂಗನ ಕಾಯಿಲೆ ಪಟ್ಟಿ ಕೈಗೆ ಬಂದರೆ ನಾವು ಮೊದಲು ನೋಡೋದು ಊರು, ವಯಸ್ಸು, ಜ್ವರ ಬಂದ ತಾರೀಕು. ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಅದೇ ಊರಿನಲ್ಲಿ ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ, ಯಾಕೆ? ನನಗೆ ಮುಖ್ಯ ಅನ್ನಿಸುವುದು ಈ ಪ್ರಶ್ನೆ.

ವೈರಸ್ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು. ಪ್ರಕರಣ ಜಾಸ್ತಿಯಾಗುವುದು ಡಿಸೆಂಬರ್‌ನಿಂದ ಮೇ ತನಕ, ಮರಿ ಉಣುಗುಗಳು ಹೆಚ್ಚಿರುವ ಕಾಲ. ಬೆಟ್ಟದಲ್ಲಿ ಉದುರಿದ ಒಣ ಎಲೆ, ಅಂದರೆ ದರಕು ಗುಡಿಸುವುದೂ ಈ ತಿಂಗಳುಗಳಲ್ಲೇ. ದರಕು ಕೊಟ್ಟಿಗೆಗೆ ಹೋಗುತ್ತದೆ, ಗೊಬ್ಬರವಾಗಿ ಅಡಿಕೆ ತೋಟಕ್ಕೆ ಬರುತ್ತದೆ. ತೋಟ ಒಬ್ಬರದು, ಬಗ್ಗಿ ಗುಡಿಸುವ ಕೈ ಹಲವು ಸಲ ಇನ್ನೊಬ್ಬರದು.

ಒಂದು ಲೆಕ್ಕ ಮಾಡೋಣ, ಅಂಕಿಗಳು ಕಲ್ಪಿತ. ಊರಿನಲ್ಲಿ 1,000 ಜನ, ದಿನಾ ಬೆಟ್ಟಕ್ಕೆ ಹೋಗುವವರು 100. ಪ್ರಕರಣ 10, ಅದರಲ್ಲಿ 8 ಈ ನೂರು ಜನರಲ್ಲಿ. ಊರಿನ ದರ ಶೇ. 1. ಬೆಟ್ಟಕ್ಕೆ ಹೋಗುವವರಲ್ಲಿ ಶೇ. 8, ಉಳಿದವರಲ್ಲಿ ಶೇ. 0.2 ಚಿಲ್ಲರೆ. ಸರಾಸರಿ ತೆಗೆದ ಕೂಡಲೇ ಈ ಅಂತರ ಕಾಣೆಯಾಗುತ್ತದೆ.

ನಾವು ಕೊಡುವ ಸಲಹೆಯನ್ನೂ ಸ್ವಲ್ಪ ನೋಡಿ. ಕಾಡಿಗೆ ಹೋಗಬೇಡಿ. ಹೋದರೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿ ನೀರಲ್ಲಿ ಸೋಪು ಹಾಕಿ ಮೀಯಿರಿ, ಬಟ್ಟೆಯನ್ನು ಬಿಸಿ ನೀರಲ್ಲಿ ತೊಳೆಯಿರಿ. ತಪ್ಪೇನಿಲ್ಲ. ಆದರೆ ಹಂಡೆ ಕಾಯಿಸಲು ಕಟ್ಟಿಗೆ ಬೇಕಲ್ವಾ? ಆ ಕಟ್ಟಿಗೆ ತರಲು ಮತ್ತೆ ಕಾಡಿಗೇ ಹೋಗಬೇಕು. ಗ್ಯಾಸ್ ಅಥವಾ ಸೋಲಾರ್ ಇರುವ ಮನೆಗೆ ಇದು ಸುಲಭದ ಸಲಹೆ. ಕೂಲಿ ಮಾಡಿ ಬಂದು ಒಲೆ ಹಚ್ಚುವ ಹೆಂಗಸಿಗೆ ಅಲ್ಲ. ಎಣ್ಣೆಯೂ ಹಾಗೇ: ಮನೆಗೊಂದು ಬಾಟಲಿ ಹಂಚಿದರೆ ಲೆಕ್ಕ ಸರಿಹೋಗುತ್ತದೆ. ದಿನಾ ಕಾಡಿಗೆ ಹೋಗುವ ಮೂವರಿರುವ ಮನೆಯಲ್ಲಿ ಅದು ಬೇಗ ಮುಗಿಯುತ್ತದೆ. ಆರೋಗ್ಯದಲ್ಲಿ ಸಮಾನತೆ ಬೇಕೆಂದರೆ ಅಪಾಯ ಜಾಸ್ತಿ ಇರುವಲ್ಲಿಗೆ ಜಾಸ್ತಿ ಹೋಗಬೇಕು.

ಚಿಕಿತ್ಸೆಯ ಮಾತೂ ಇದೆ. ಈ ವೈರಸ್ಸಿಗೆ ನಿರ್ದಿಷ್ಟ ಔಷಧ ಇಲ್ಲ. ರಕ್ತಸ್ರಾವ ಶುರುವಾಗುವ ಮೊದಲೇ ಆಸ್ಪತ್ರೆ ಸೇರಿ ನಿಗಾದಲ್ಲಿರುವುದು ಮುಖ್ಯ. ಸ್ಥಿತಿ ಗಂಭೀರವಾದರೆ ಸಿದ್ದಾಪುರದಿಂದ ಮಣಿಪಾಲದ ಆಸ್ಪತ್ರೆಗೆ ಘಾಟಿ ಇಳಿದು ಹೋಗಬೇಕು. ಚಿಕಿತ್ಸೆ ಉಚಿತವಾದರೂ ಜೊತೆಗೆ ನಿಂತವರ ಕೂಲಿ, ಊಟ, ಬಸ್ ಖರ್ಚು ಉಚಿತ ಅಲ್ಲ. ಅದಕ್ಕೇ ಕೆಲವರು ಮಾತ್ರೆ ನುಂಗಿ ಮನೆಯಲ್ಲೇ ಮಲಗುತ್ತಾರೆ. ಅವರ ರಕ್ತ ಪರೀಕ್ಷೆ ಆಗುವುದಿಲ್ಲ, ಪಟ್ಟಿಗೆ ಹೆಸರೂ ಬರುವುದಿಲ್ಲ. ಹಾಗಾಗಿ ಒಂದು ಊರಿನಲ್ಲಿ ಸೊನ್ನೆ ಕಂಡರೆ, ಅಲ್ಲಿ ಎಷ್ಟು ಜನರ ರಕ್ತ ತೆಗೆದಿದ್ದಾರೆ ಅಂತ ಮೊದಲು ಕೇಳಿ.

ನಿಮ್ಮ ಕ್ಷೇತ್ರ ಕಾರ್ಯದ ಫಾರಂನಲ್ಲಿ ನಾಲ್ಕು ಕಾಲಂ ಸೇರಿಸಿ: ಬೆಟ್ಟಕ್ಕೆ ಹೋಗುವುದು ಸ್ವಂತ ಕೆಲಸಕ್ಕೋ ಕೂಲಿಗೋ, ನೀರು ಕಾಯಿಸುವುದು ಹೇಗೆ, ಜ್ವರ ಬಂದು ಎಷ್ಟನೇ ದಿನ ಆಸ್ಪತ್ರೆಗೆ ಹೋದರು, ಆ ದಿನಗಳಲ್ಲಿ ಎಷ್ಟು ಕೂಲಿ ತಪ್ಪಿತು.