ಅವಧಿ ಮೀರಿದ ಎರಡು ಡಿಡಿ: ಒಂದನ್ನು ರಿವ್ಯಾಲಿಡೇಟ್ ಮಾಡಿಕೊಡಲು, ಇನ್ನೊಂದರ ಹಣ ಖಾತೆಗೆ ವಾಪಸ್ ಹಾಕಲು ಮನವಿ

ಇವರಿಂದ,
ಎಚ್. ಎನ್. ಸುಜಾತ
ಉಳಿತಾಯ ಖಾತೆದಾರರು (ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 4417)
ತಿಪಟೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು
ಡಿಡಿ ನೀಡಿದ ಶಾಖೆ
ತಿಪಟೂರು

ದಿನಾಂಕ: 13-10-2025

ವಿಷಯ: 12-06-2025ರ ಡಿಡಿ ಸಂಖ್ಯೆ 418276 (ರೂ. 48,000) ರಿವ್ಯಾಲಿಡೇಟ್ ಮಾಡುವ ಬಗ್ಗೆ ಮತ್ತು ಅದೇ ದಿನದ ಡಿಡಿ ಸಂಖ್ಯೆ 418277 (ರೂ. 22,000) ರದ್ದು ಮಾಡಿ ಹಣ ಹಿಂತಿರುಗಿಸುವ ಬಗ್ಗೆ.

ಮಾನ್ಯರೇ,

ಜೂನ್ 12ರಂದು ನಿಮ್ಮ ಶಾಖೆಯಲ್ಲಿ ಎರಡು ಡಿಡಿ ಮಾಡಿಸಿದ್ದೆ. ಎರಡೂ ನನ್ನ ಮಗಳ ಕಾಲೇಜು ಪ್ರವೇಶಕ್ಕೆ. ಒಂದು ಫೀಸಿಗೆ, ಇನ್ನೊಂದು ಹಾಸ್ಟೆಲ್ ಠೇವಣಿಗೆ. ಎರಡೂ ಆ ಕಾಲೇಜಿನ ಪ್ರಾಂಶುಪಾಲರ ಹೆಸರಿಗೆ, ಮೈಸೂರಿನಲ್ಲಿ ಪಾವತಿಯಾಗುವಂಥವು. ಕಾಲೇಜಿನ ಪೂರ್ತಿ ಹೆಸರು ಡಿಡಿಗಳ ಮೇಲೇ ಅಚ್ಚಾಗಿದೆ. ಹಣ ಹೋಗಿದ್ದು ನನ್ನ ಮೇಲಿನ ಖಾತೆಯಿಂದಲೇ, ನಗದು ಕೊಟ್ಟಿಲ್ಲ. ಕೊಬ್ಬರಿ ಮಾರಿದ ದುಡ್ಡು ಖಾತೆಗೆ ಬಂದ ವಾರ ಅದು. ಪಾಸ್‌ಬುಕ್‌ನಲ್ಲಿ 48,000, 22,000 ಅಂತ ಎರಡು ಸಾಲು, ಅದರ ಕೆಳಗೆ ಕಮಿಷನ್ ಕಡಿತದ ಸಾಲು ಇದೆ. ಆ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ.

ಕಾಲೇಜು ಕಚೇರಿಯವರು ಡಿಡಿಗಳನ್ನು ಜೂನ್‌ನಲ್ಲೇ ಪಡೆದುಕೊಂಡರು. ಆದರೆ ಬ್ಯಾಂಕಿಗೆ ಹಾಕಲಿಲ್ಲ. ಸೀಟು ಹಂಚಿಕೆ ಪೂರ್ತಿ ಮುಗಿಯಲಿ ಅಂತ ಪ್ರವೇಶದ ಕಡತದಲ್ಲೇ ಇಟ್ಟುಕೊಂಡರು. ಅಷ್ಟರಲ್ಲಿ ಮೂರು ತಿಂಗಳು ಕಳೆದು, ಸೆಪ್ಟೆಂಬರ್ ಎರಡನೇ ವಾರಕ್ಕೆ ಎರಡರ ಅವಧಿಯೂ ಮುಗಿಯಿತು. ಅಕ್ಟೋಬರ್ 6ರಂದು ಒಂದು ಪತ್ರದ ಜೊತೆ ಎರಡನ್ನೂ ನಮಗೆ ವಾಪಸ್ ಕೊಟ್ಟರು. ಮಗಳ ಸೀಟು ಖಚಿತವಾಗಿದೆ. ಫೀಸಿನ ಡಿಡಿಯನ್ನು ಚಾಲ್ತಿ ಮಾಡಿಸಿ ಅಕ್ಟೋಬರ್ 31ರೊಳಗೆ ಕೊಡಿ ಎಂದು ಬರೆದಿದ್ದಾರೆ. ಹಾಸ್ಟೆಲ್ ಡಿಡಿ ಅವರಿಗೆ ಬೇಡ. ಮಗಳು ಮೈಸೂರಿನಲ್ಲಿ ನನ್ನ ನಾದಿನಿಯ ಮನೆಯಲ್ಲಿ ಉಳಿಯುತ್ತಾಳೆ.

ಹಾಗಾಗಿ ಒಂದೇ ದಿನ ಮಾಡಿಸಿದ ಡಿಡಿಗಳಾದರೂ ನನ್ನ ಕೋರಿಕೆ ಬೇರೆ ಬೇರೆ. 418276ಕ್ಕೆ ರಿವ್ಯಾಲಿಡೇಶನ್. 418277ಕ್ಕೆ ರದ್ದತಿ ಮತ್ತು ಹಣ ವಾಪಸ್. ಎರಡನ್ನೂ ಒಂದೇ ಅರ್ಜಿಯಲ್ಲಿ ನೋಡುವುದು ಕಷ್ಟವಾದರೆ ಹೇಳಿ, ನಿಮ್ಮ ಶಾಖೆಯ ಫಾರಂಗಳಲ್ಲಿ ಪ್ರತ್ಯೇಕವಾಗಿ ಬರೆದುಕೊಡುತ್ತೇನೆ.

ಕಳೆದ ವಾರ ಕೌಂಟರಿನಲ್ಲಿ ವಿಚಾರಿಸಿದಾಗ, "ಇದು ಡೇಟ್ ಮುಗಿದಿರೋ ಡಿಡಿ ಮೇಡಂ, ಹೊಸದು ಮಾಡಿಸ್ಕೊಳ್ಳಿ" ಎಂದರು. ವಾಪಸ್ ವಿಷಯ ಕೇಳಿದ್ದಕ್ಕೆ ಕಾಲೇಜಿನವರೇ ಬಂದು ಅರ್ಜಿ ಕೊಡಬೇಕು ಎಂದರು. ಅವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಸಾಲು ಉದ್ದ ಇತ್ತು, ಊಟದ ಹೊತ್ತು ಬೇರೆ. ಆದರೆ ಹೊಸದು ಮಾಡಿಸು ಅಂದರೆ ಇನ್ನೊಂದು 48,000 ಹೊಂದಿಸಬೇಕು. ಮೊದಲನೆಯ 48,000 ನಿಮ್ಮ ಬ್ಯಾಂಕಿನಲ್ಲೇ ಇದೆ ಅಲ್ವಾ? ಅದಕ್ಕೇ ನನ್ನ ಕಡೆಯ ಮಾತನ್ನು ಕಾಗದದಲ್ಲಿ ಇಡುತ್ತಿದ್ದೇನೆ.

ಡಿಡಿಯ ಅವಧಿ ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿದದ್ದು 2012ರ ಏಪ್ರಿಲ್ 1ರಿಂದ, ರಿಸರ್ವ್ ಬ್ಯಾಂಕಿನ ಸೂಚನೆಯಂತೆ. ಆ ಸೂಚನೆ ಹೇಳುವುದು ಇಷ್ಟೇ: ಮೂರು ತಿಂಗಳು ದಾಟಿದ ಡಿಡಿ ಬಂದರೆ ಬ್ಯಾಂಕು ಪಾವತಿ ಮಾಡಬಾರದು. ಮುಗಿದದ್ದು ಕಾಗದದ ಅವಧಿ. ಹಣ ಕೊಟ್ಟು ಕೊಂಡವರ ಹಕ್ಕು ಅದರ ಜೊತೆ ಮುಗಿಯುವುದಿಲ್ಲ. ಯಾರೂ ಕೇಳದೆ 10 ವರ್ಷ ಉಳಿದ ಡಿಡಿ ಹಣ ಕೂಡ ಬ್ಯಾಂಕಿನ ಲಾಭಕ್ಕೆ ಸೇರುವುದಿಲ್ಲ. ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ ಹಕ್ಕುದಾರರು ತಮ್ಮ ಬ್ಯಾಂಕಿನ ಮೂಲಕ ಕೇಳಬಹುದು. ನನ್ನದು ಅವಧಿ ಮುಗಿದು ಇನ್ನೂ ಒಂದು ತಿಂಗಳು ಚಿಲ್ಲರೆ ದಿನ.

ಮೊದಲು ಫೀಸಿನ ಡಿಡಿ ವಿಷಯ. ಅದರ ಮೂಲ ಪ್ರತಿ ನನ್ನ ಹತ್ತಿರ ಇದೆ. ಈ ಅರ್ಜಿಯ ಜೊತೆಯೇ ಒಪ್ಪಿಸುತ್ತೇನೆ. ಎಡ ಅಂಚಿನಲ್ಲಿ ಪಿನ್ ಚುಚ್ಚಿದ ಎರಡು ತೂತು ಇವೆ. ಕಡತಕ್ಕೆ ಸೇರಿಸಿದಾಗ ಆದದ್ದು. ಕೆಳಗಿನ ಬಿಳಿ ಪಟ್ಟಿಯಲ್ಲಿರುವ ಎಂಐಸಿಆರ್ ಅಂಕಿಗಳಿಗೆ ಏನೂ ಆಗಿಲ್ಲ. ಹಿಂಬದಿಯಲ್ಲಿ ಕಾಲೇಜು ಕಚೇರಿಯ ನೇರಳೆ ಶಾಯಿಯ ಸ್ವೀಕೃತಿ ಸೀಲು ಇದೆ, ಅದರೊಳಗೆ 16-06-2025 ಎಂಬ ದಿನಾಂಕ. ಅದು ಟಪಾಲು ಸ್ವೀಕರಿಸಿದ ಸೀಲು ಮಾತ್ರ. ಯಾವ ಬ್ಯಾಂಕಿನ ಕ್ಲಿಯರಿಂಗ್ ಸೀಲೂ ಇಲ್ಲ. ಇದನ್ನು ಮುಂಚೆಯೇ ಹೇಳುತ್ತಿರುವುದು ಏಕೆಂದರೆ, ಸೀಲು ಕಂಡ ಕೂಡಲೇ ಡಿಡಿ ಒಮ್ಮೆ ಕ್ಲಿಯರಿಂಗಿಗೆ ಹೋಗಿ ವಾಪಸ್ ಬಂದಿದೆ ಅಂತ ಅನುಮಾನ ಬರಬಹುದು.

ರಿವ್ಯಾಲಿಡೇಟ್ ಮಾಡಿದರೆ ಸಿಟಿಎಸ್‌ನಲ್ಲಿ ತಿದ್ದಿದ ಡಿಡಿ ಪಾಸಾಗುವುದಿಲ್ಲ ಎಂಬ ಮಾತೂ ಕೌಂಟರಿನಲ್ಲಿ ಬಂತು. ಸ್ಕ್ಯಾನ್ ಮಾಡಿದ ಚಿತ್ರದ ಮೇಲೆ ಕ್ಲಿಯರಿಂಗ್ ನಡೆಯುವುದರಿಂದ ಹೆಸರು, ಮೊತ್ತ ತಿದ್ದುವಂತಿಲ್ಲ ಎಂಬುದು ಸರಿ. ದಿನಾಂಕವನ್ನು ಮರು ಊರ್ಜಿತಗೊಳಿಸುವುದಕ್ಕೆ ಮಾತ್ರ ಆ ನಿಯಮದಲ್ಲೇ ವಿನಾಯಿತಿ ಇದೆ. ನಾನು ಕೇಳುತ್ತಿರುವುದು ಅದಷ್ಟನ್ನೇ. ಹೆಸರೂ ಅದೇ, ಮೊತ್ತವೂ ಅದೇ. ಆದರೂ ಹಳೆಯದರ ಮೇಲೆ ಸೀಲು ಸಹಿ ಹಾಕುವುದಕ್ಕಿಂತ ಅದನ್ನು ರದ್ದು ಮಾಡಿ, ಅದೇ ಹಣಕ್ಕೆ ಅದೇ ಹೆಸರಿಗೆ ಬೇರೆ ಡಿಡಿ ಕೊಡುವುದು ನಿಮಗೆ ಸುಲಭ ಅನಿಸಿದರೆ ನನ್ನ ತಕರಾರಿಲ್ಲ. ನನ್ನ ಖಾತೆಯಿಂದ ಮತ್ತೆ 48,000 ತೆಗೆಯಬೇಡಿ, ಅಷ್ಟೇ. ಈಗ ಖಾತೆಯಲ್ಲಿ ಅಷ್ಟು ಇಲ್ಲ ಕೂಡ.

ಇನ್ನು 418277. ಇದನ್ನು ರಿವ್ಯಾಲಿಡೇಟ್ ಮಾಡಿಸಿ ಏನೂ ಪ್ರಯೋಜನವಿಲ್ಲ, ಕಾಲೇಜು ತೆಗೆದುಕೊಳ್ಳುವುದಿಲ್ಲ. ಡಿಡಿ ಒಮ್ಮೆ ಪಡೆಯಬೇಕಾದವರ ಕೈಗೆ ಹೋದ ಮೇಲೆ ಅವರ ಒಪ್ಪಿಗೆ ಇಲ್ಲದೆ ಹಣವನ್ನು ಕೊಂಡವರಿಗೆ ವಾಪಸ್ ಕೊಡುವುದು ಬ್ಯಾಂಕಿಗೆ ಸರಿಬರುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಕೌಂಟರಿನಲ್ಲಿ ಹೇಳಿದ್ದರ ಹಿಂದಿನ ಕಾರಣ ಬಹುಶಃ ಅದೇ. ಅದಕ್ಕಾಗಿ ಕಾಲೇಜಿನಿಂದಲೇ ಬರೆಸಿಕೊಂಡು ಬಂದಿದ್ದೇನೆ. ಡಿಡಿಯ ಹಿಂಬದಿಯಲ್ಲಿ "ಉದ್ದೇಶಿತ ಕೆಲಸಕ್ಕೆ ಬಳಸಿಲ್ಲ, ಹಣವನ್ನು ಖರೀದಿದಾರರಿಗೆ ಹಿಂತಿರುಗಿಸಲು ನಮ್ಮ ಆಕ್ಷೇಪಣೆ ಇಲ್ಲ" ಎಂದು ಬರೆದು ಪ್ರಾಂಶುಪಾಲರು ಸಹಿ ಮಾಡಿ, ಮೊಹರು ಹಾಕಿದ್ದಾರೆ. ಇದೇ ಮಾತು ಅವರ ಲೆಟರ್‌ಹೆಡ್‌ನಲ್ಲೂ ಡಿಡಿ ಸಂಖ್ಯೆ, ಮೊತ್ತದ ಸಮೇತ ಇದೆ. ಇಷ್ಟಾದ ಮೇಲೂ ಅವರು ಮೈಸೂರಿನಿಂದ ಇಲ್ಲಿಗೆ ಬರಬೇಕು ಎನ್ನುವುದು ಸುಮ್ನೆ ಓಡಾಟ.

ಡಿಡಿ ಕೊಂಡವಳು ನಾನೇ ಎಂಬುದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ. 2018ರ ಸೆಪ್ಟೆಂಬರ್ 15ರಿಂದ ಕೊಂಡವರ ಹೆಸರನ್ನೂ ಡಿಡಿಯ ಮುಖದ ಮೇಲೆ ಅಚ್ಚು ಹಾಕಲಾಗುತ್ತಿದೆ. ಎರಡರಲ್ಲೂ ನನ್ನ ಹೆಸರಿದೆ. ಸಹಿಯನ್ನು ಖಾತೆಯ ಮಾದರಿ ಸಹಿಯೊಂದಿಗೆ ಹೋಲಿಸಿ ನೋಡಬಹುದು. 20,000 ಮತ್ತು ಅದಕ್ಕೂ ಮೇಲಿನ ಡಿಡಿಗಳಾದ್ದರಿಂದ ಎರಡಕ್ಕೂ ಅಕೌಂಟ್ ಪೇಯಿ ಗೆರೆ ಬಿದ್ದಿದೆ. ನಡುವೆ ಬೇರೆ ಯಾರೋ ನಗದು ಮಾಡಿಕೊಂಡಿರುವ ಪ್ರಶ್ನೆಯೂ ಏಳುವುದಿಲ್ಲ. ಬೇಕಿದ್ದರೆ ನಿಮ್ಮ ಸಿಸ್ಟಂನಲ್ಲಿ ಎರಡೂ ಇನ್ನೂ ಪಾವತಿಯಾಗದೆ ಬಾಕಿ ತೋರಿಸುತ್ತಿವೆಯಾ ಎಂದು ನನ್ನ ಎದುರಲ್ಲೇ ನೋಡಿ.

22,000ವನ್ನು ಅದು ಹೊರಟ ಖಾತೆಗೇ, ಅಂದರೆ 4417ಕ್ಕೇ ಜಮಾ ಮಾಡಿ. ನಗದಾಗಿ ಬೇಡ, ಬೇರೆಯವರ ಖಾತೆಗೂ ಬೇಡ. ರದ್ದತಿ ಶುಲ್ಕ, ರಿವ್ಯಾಲಿಡೇಶನ್ ಶುಲ್ಕ, ಅದರ ಮೇಲಿನ 18% ಜಿಎಸ್‌ಟಿ ಏನಿದೆಯೋ ಅದನ್ನು ಬ್ಯಾಂಕಿನ ಶುಲ್ಕ ಪಟ್ಟಿಯ ಪ್ರಕಾರ ನನ್ನ ಖಾತೆಯಿಂದ ಕಡಿದುಕೊಳ್ಳಬಹುದು. ಎಷ್ಟು ಕಡಿದಿರಿ ಎಂಬ ಚೀಟಿ ಕೊಟ್ಟರೆ ಸಾಕು. ಜೂನ್‌ನಲ್ಲಿ ಕೊಟ್ಟ ಕಮಿಷನ್ ವಾಪಸ್ ಕೇಳುತ್ತಿಲ್ಲ. ಇಷ್ಟು ದಿನದ ಬಡ್ಡಿಯನ್ನೂ ಕೇಳುತ್ತಿಲ್ಲ, ತಡ ಆದದ್ದು ನಿಮ್ಮಿಂದಲ್ಲವಲ್ಲ.

ದಿನದ ಲೆಕ್ಕ ಮಾತ್ರ ಸ್ವಲ್ಪ ಗಮನಿಸಿ. ಕಾಲೇಜು ಕೊಟ್ಟ ಗಡುವು ಅಕ್ಟೋಬರ್ 31. ಮುಂದಿನ ವಾರ ದೀಪಾವಳಿ ರಜೆ. ಅದು ಮುಗಿಯುತ್ತಿದ್ದಂತೆ 25ನೇ ತಾರೀಕು ನಾಲ್ಕನೇ ಶನಿವಾರ. ಹಬ್ಬದ ಮುಂಚೆ, ಅಂದರೆ ಈ ಶುಕ್ರವಾರದೊಳಗೆ 418276 ಕೈಗೆ ಸಿಕ್ಕರೆ ಮಗಳೇ ಹಬ್ಬ ಮುಗಿಸಿ ಹೋಗುವಾಗ ತೆಗೆದುಕೊಂಡು ಹೋಗುತ್ತಾಳೆ. ಇನ್ನೊಂದು ಸಲ ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. 418277ರ ಹಣ ಅದೇ ದಿನ ಬರಲೇಬೇಕೆಂದಿಲ್ಲ. ಎರಡರಲ್ಲಿ ಯಾವುದು ಮೊದಲು ಎಂದರೆ ಫೀಸಿನ ಡಿಡಿ.

ಯಾವುದಾದರೂ ಕಾಗದ ಕಡಿಮೆ ಬಿದ್ದರೆ ಏನು ಬೇಕು ಅಂತ ಒಂದೇ ಸಲ ಹೇಳಿಬಿಡಿ. ಇಂಡೆಮ್ನಿಟಿ ಬಾಂಡ್ ಕೇಳುವ ರೂಢಿ ಡಿಡಿ ಕಳೆದುಹೋದಾಗ. ಇಲ್ಲಿ ಮೂಲ ಪ್ರತಿಗಳೇ ಇರುವುದರಿಂದ ಅದರ ಅಗತ್ಯ ಬೀಳದು ಅಂದುಕೊಂಡಿದ್ದೇನೆ. ಎರಡರಲ್ಲಿ ಯಾವ ಕೋರಿಕೆಯನ್ನಾದರೂ ಒಪ್ಪಲು ಆಗದಿದ್ದರೆ, ಯಾವ ನಿಯಮದ ಪ್ರಕಾರ ಆಗದು ಎಂಬುದನ್ನು ಬರಹದಲ್ಲಿ ಕೊಡಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು ಎಂಬುದು ನನಗೆ ಗೊತ್ತಿದೆ. ನಿಮ್ಮ ಮೇಜಿನಲ್ಲೇ ಮುಗಿಯುವ ಕೆಲಸವನ್ನು ಅಲ್ಲಿಯವರೆಗೆ ಒಯ್ಯುವ ಮನಸ್ಸು ನನಗಿಲ್ಲ, ನಿಮಗೂ ಇರಲಾರದು.

ಮೂಲ ಡಿಡಿಗಳನ್ನು ನಿಮಗೆ ಒಪ್ಪಿಸಿದ ಮೇಲೆ ನನ್ನ ಕೈಯಲ್ಲಿ ಉಳಿಯುವುದು ಜೆರಾಕ್ಸ್ ಮಾತ್ರ. ಆದ್ದರಿಂದ ಈ ಅರ್ಜಿಯ ಎರಡನೇ ಪ್ರತಿಯ ಮೇಲೆ ಎರಡೂ ಡಿಡಿ ಸಂಖ್ಯೆಗಳನ್ನು ಬರೆದು, ಸ್ವೀಕರಿಸಿದ ದಿನಾಂಕ, ಸಹಿ, ಶಾಖೆಯ ಸೀಲು ಹಾಕಿಕೊಡಬೇಕಾಗಿ ವಿನಂತಿ. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿಲ್ಲ, ಕೆಲಸ ಆದ ಕೂಡಲೇ ಅದಕ್ಕೆ ಒಂದು ಕರೆ ಮಾಡಿದರೆ ಬಂದು ತೆಗೆದುಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಎಚ್. ಎನ್. ಸುಜಾತ

ಲಗತ್ತು: ಡಿಡಿ 418276 ಮತ್ತು 418277ರ ಮೂಲ ಪ್ರತಿಗಳು, ಎರಡರದ್ದೂ ಮುಂಬದಿ ಹಿಂಬದಿಯ ಜೆರಾಕ್ಸ್; ಜೂನ್ 12ರ ಡಿಡಿ ಅರ್ಜಿಯ ಕೌಂಟರ್‌ಫಾಯಿಲ್; ಪಾಸ್‌ಬುಕ್‌ನ ಮೊದಲ ಪುಟ ಮತ್ತು ಜೂನ್ ತಿಂಗಳ ಪುಟದ ಜೆರಾಕ್ಸ್; ಡಿಡಿಗಳನ್ನು ಹಿಂತಿರುಗಿಸಿದ ಕಾಲೇಜಿನ 06-10-2025ರ ಪತ್ರ; ಹಾಸ್ಟೆಲ್ ಠೇವಣಿ ಬೇಡವೆಂದು ಲೆಟರ್‌ಹೆಡ್‌ನಲ್ಲಿ ಕೊಟ್ಟ ಆಕ್ಷೇಪಣೆ ಇಲ್ಲದ ಪತ್ರ; ನನ್ನ ಗುರುತಿನ ಚೀಟಿಯ ಸ್ವಯಂ ದೃಢೀಕರಿಸಿದ ಪ್ರತಿ.