ಎಸ್‌ಟಿಪಿ ಮೇಂಟೆನೆನ್ಸ್ ಅಗ್ರಿಮೆಂಟ್ ಜೂನ್ 30ಕ್ಕೆ ಮುಗಿಸ್ತಿರೋ ಬಗ್ಗೆ ನೋಟಿಸ್

ಬೆಂಗಳೂರು, 31 ಮೇ 2025

ನಮಸ್ಕಾರ ಸರ್,

ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿ ನಡೆಸೋಕೆ 1 ಏಪ್ರಿಲ್ 2024ರಂದು ನಿಮ್ಮ ಜೊತೆ ಮಾಡ್ಕೊಂಡಿದ್ದ ಎರಡು ವರ್ಷದ ಅಗ್ರಿಮೆಂಟನ್ನ ಅದರ 9ನೇ ಕಲಂ ಪ್ರಕಾರ 30 ದಿನದ ನೋಟಿಸ್ ಕೊಟ್ಟು ಮುಗಿಸ್ತಾ ಇದ್ದೀವಿ. ಕೊನೆ ದಿನ 30 ಜೂನ್ 2025, ಸಂಜೆ 6 ಗಂಟೆ. ಸಹಿ ಮಾಡಿದ ಪತ್ರ ಇವತ್ತೇ ರಿಜಿಸ್ಟರ್ಡ್ ಪೋಸ್ಟಲ್ಲಿ ಅಗ್ರಿಮೆಂಟಲ್ಲಿರೋ ವಿಳಾಸಕ್ಕೆ ಹಾಕಿದ್ದೀವಿ, ಆದ್ರೆ ಅಗ್ರಿಮೆಂಟ್ ಪ್ರಕಾರ ದಿನದ ಲೆಕ್ಕ ಈ ಮೇಲ್‌ನಿಂದಲೇ ಶುರು.

ಕಾರಣ ಕೊಡಲೇಬೇಕು ಅಂತ 9ನೇ ಕಲಂನಲ್ಲಿ ಇಲ್ಲ. ಆದ್ರೂ ಹೇಳ್ತೀವಿ, ಯಾಕಂದ್ರೆ ಮಾರ್ಚ್ ಲ್ಯಾಬ್ ರಿಪೋರ್ಟಲ್ಲಿ ಬಿಒಡಿ 24, ಏಪ್ರಿಲ್‌ನಲ್ಲಿ 31 ಬಂದಿದೆ, ಮಾಲಿನ್ಯ ನಿಯಂತ್ರಣ ಮಂಡಳಿ ನಮಗೆ ಕೊಟ್ಟಿರೋ ಕನ್ಸೆಂಟಲ್ಲಿ 10ರ ಒಳಗೇ ಇರ್ಬೇಕು, ಮೂರು ಸಲ ಮೇಲ್ ಮಾಡಿದ್ರೂ ಸರಿ ಹೋಗ್ಲಿಲ್ಲ, ರಾತ್ರಿ ಶಿಫ್ಟಿಗೆ ಆಪರೇಟರ್ ಇಲ್ದೇ ಬ್ಲೋವರ್ ನಿಂತು ಬೇಸ್‌ಮೆಂಟ್ ಪೂರ್ತಿ ವಾಸನೆ, ಮನೆಯವರೆಲ್ಲ ಬಂದು ಕೇಳೋದು ನಮ್ಮನ್ನ. ಇದನ್ನ ಇಲ್ಲಿ ಮತ್ತೆ ಚರ್ಚೆಗೆ ಎಳೀತಿಲ್ಲ.

ಈಗ ದುಡ್ಡಿನ ವಿಷಯ. ಮೇ ಮತ್ತು ಜೂನ್ ಎರಡು ತಿಂಗಳ ಚಾರ್ಜ್ ನಿಮಗೆ ಸಲ್ಲಬೇಕಾದ್ದೇ. ತಿಂಗಳಿಗೆ 62,000 ರೂಪಾಯಿ, 18% ಜಿಎಸ್‌ಟಿ 11,160 ಸೇರಿ 73,160, ಅದರಲ್ಲಿ 2% ಟಿಡಿಎಸ್ 1,240 ಹಿಡಿದು 71,920 ಕೈಗೆ. ಮೇ ಬಿಲ್ ಬಂದ 10 ದಿನದಲ್ಲಿ ಯಾವಾಗ್ಲೂ ಹಾಕೋ ಹಾಗೆ ಹಾಕ್ತೀವಿ, ಅದಕ್ಕೂ ಈ ನೋಟಿಸ್‌ಗೂ ಸಂಬಂಧ ಇಲ್ಲ. ಜೂನ್ ಬಿಲ್ ಮಾತ್ರ 11ನೇ ಕಲಂನಲ್ಲಿ ಬರೆದಿರೋ ಹಾಗೆ ಹ್ಯಾಂಡೋವರ್ ಶೀಟಿಗೆ ಇಬ್ಬರ ಸಹಿ ಬಿದ್ದ 7 ದಿನದಲ್ಲಿ ಕ್ಲಿಯರ್ ಆಗತ್ತೆ. ನೀವು ಇಟ್ಟಿರೋ 1,00,000 ಡೆಪಾಸಿಟ್ 30 ದಿನದ ಒಳಗೆ ವಾಪಸ್, ಆದ್ರೆ ಡಿಫ್ಯೂಸರ್ ಬದಲಾಯಿಸೋಕೆ ಅಂತ ಫೆಬ್ರವರಿಯಲ್ಲಿ ನಮ್ಮಿಂದ ತಗೊಂಡಿದ್ದ 45,000 ಅಡ್ವಾನ್ಸಿಗೆ ಇವತ್ತಿನ ತನಕ ಮಾಲೂ ಬಂದಿಲ್ಲ ಬಿಲ್ಲೂ ಬಂದಿಲ್ಲ, ಜೂನ್ 20ರ ಒಳಗೆ ಎರಡರಲ್ಲಿ ಒಂದು ಮಾಡಿ, ಮಾಲು ತಂದು ಫಿಟ್ ಮಾಡಿ ಇಲ್ಲಾಂದ್ರೆ ದುಡ್ಡು ವಾಪಸ್ ಹಾಕಿ, ಎರಡೂ ಆಗ್ಲಿಲ್ಲ ಅಂದ್ರೆ ಡೆಪಾಸಿಟಲ್ಲಿ ಮುರ್ಕೊಂಡು ಉಳಿದ 55,000 ಕೊಡ್ತೀವಿ. ಬ್ಲೋವರ್ ರಿಪೇರಿದು ಅಂತ ಕಳಿಸಿರೋ 18,400 ಬಿಲ್ ಒಪ್ಪಿಲ್ಲ. ಬಿಚ್ಚಿದ ಹಳೇ ಬೇರಿಂಗ್, ಬೆಲ್ಟ್ ತೋರಿಸಿ, ಅಂಗಡಿ ಬಿಲ್ ಕೊಡಿ, ಸರಿ ಇದ್ರೆ ಅದೇ ವಾರ ಕೊಡ್ತೀವಿ. ಮೇ ಬಿಲ್ಲನ್ನ ಕೊಟ್ಟ ಮಾತ್ರಕ್ಕೆ ಈ ತಕರಾರು ಬಿಟ್ಟಂಗಲ್ಲ.

ಹ್ಯಾಂಡೋವರ್ ಬಗ್ಗೆ ಸ್ವಲ್ಪ ಗಮನ ಕೊಟ್ಟು ಓದಿ ಸರ್, ನಮಗೆ ದುಡ್ಡಿಗಿಂತ ಇದೇ ಮುಖ್ಯ. ಜೂನ್ 30ರ ತನಕ ಪ್ಲಾಂಟ್ ಒಂದು ದಿನಾನೂ ನಿಲ್ಲಬಾರದು. ಗಾಳಿ ಇಲ್ದೇ ಏರೇಶನ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ರೆ ಮತ್ತೆ ಬೆಳೆಸೋಕೆ ವಾರಗಟ್ಲೆ ಬೇಕು ಅನ್ನೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹೊಸ ಏಜೆನ್ಸಿಯವರು ಜೂನ್ 23ರಿಂದ ದಿನಾ ಬಂದು ನಿಮ್ಮ ಆಪರೇಟರ್ ಜೊತೆ ನಿಂತು ನೋಡ್ಕೊಳ್ತಾರೆ, ಪ್ಯಾನೆಲ್ ರೂಮಿಗೆ ಬಿಡಿ. 28ರ ಬೆಳಿಗ್ಗೆ 10ಕ್ಕೆ ಮೂರೂ ಕಡೆಯವರು ಸೇರಿ ಚೆಕ್ ಮಾಡೋಣ: ಒಂದು ಲೀಟರ್ ಜಾರಿನಲ್ಲಿ ಏರೇಶನ್ ಟ್ಯಾಂಕಿನ ನೀರು ಹಿಡಿದು 30 ನಿಮಿಷ ಬಿಟ್ಟು ಕೆಳಗೆ ಎಷ್ಟು ಕೂತಿದೆ ನೋಡೋದು, ಎರಡೂ ಬ್ಲೋವರ್ ಒಂದೊಂದಾಗಿ ಓಡಿಸೋದು, ಫಿಲ್ಟರ್ ಬ್ಯಾಕ್‌ವಾಶ್, ಫ್ಲೋ ಮೀಟರ್ ರೀಡಿಂಗ್ ಫೋಟೋ. ಅವತ್ತಿನ ಸ್ಯಾಂಪಲ್ ಲ್ಯಾಬಿಗೆ ಹೋಗತ್ತೆ, ಖರ್ಚು ನಮ್ದು. ರಿಪೋರ್ಟ್ ಬರೋಕೆ ತಡ ಆದ್ರೂ ಅದಕ್ಕೋಸ್ಕರ ನಿಮ್ಮ ಜೂನ್ ಬಿಲ್ ತಡೆಯಲ್ಲ.

ಲಾಗ್‌ಬುಕ್‌ಗಳು ಶುರುವಿನಿಂದ ಇವತ್ತಿನ ತನಕ, ಎಲ್ಲಾ ಲ್ಯಾಬ್ ರಿಪೋರ್ಟ್‌ಗಳ ಒರಿಜಿನಲ್, ಕನ್ಸೆಂಟ್ ಫೈಲ್, ಸ್ಲಡ್ಜ್ ಸಾಗಿಸಿದ ರಸೀದಿ, ಪ್ಯಾನೆಲ್ ಕೀ, ವೈರಿಂಗ್ ಡ್ರಾಯಿಂಗ್, ನಾವು ದುಡ್ಡು ಕೊಟ್ಟು ತರಿಸಿದ್ದ ಸ್ಪೇರ್ ಪಂಪ್ ಮತ್ತು ಉಳಿದ ಹೈಪೋ ಕ್ಯಾನ್, ಇವು ಅಸೋಸಿಯೇಷನ್ ಸ್ವತ್ತು, ಯಾವುದೂ ಆಚೆ ಹೋಗಬಾರದು. ನಿಮ್ಮ ಟೂಲ್ಸ್, ಟೆಸ್ಟ್ ಕಿಟ್ ನಿಮ್ದೇ, ಲಿಸ್ಟ್ ಕೊಟ್ಟು ಗೇಟ್ ಪಾಸ್ ತಗೊಂಡು ಹೋಗಿ.

ಆಪರೇಟರ್ ಹುಡುಗರ ಜೂನ್ ಸಂಬಳ ಪೂರ್ತಿ ಕೊಟ್ಟಿರೋದಕ್ಕೆ ಬ್ಯಾಂಕ್ ಪ್ರೂಫ್, ಪಿಎಫ್ ಇಎಸ್‌ಐ ಚಲನ್ ಮೇ ತನಕದ್ದು ಜೂನ್ ಬಿಲ್ ಜೊತೆ ಬೇಕೇ ಬೇಕು. ಜೂನ್ ತಿಂಗಳ ಚಲನ್ ಜುಲೈ 15ರ ಹೊತ್ತಿಗೆ ಕಳಿಸಿ, ಡೆಪಾಸಿಟ್ ಅದು ನೋಡಿ ಬಿಡ್ತೀವಿ. ಅವರು ನಮ್ಮಲ್ಲಿ ರಾತ್ರಿ ಹಗಲು ದುಡಿದವರು, ಅವರ ದುಡ್ಡು ನಿಲ್ಲೋದು ನಮಗೆ ಆಗಲ್ಲ.

ಜೂನ್ 5ರ ಒಳಗೆ ಇದೇ ಮೇಲ್‌ಗೆ ಉತ್ತರ ಕೊಡಿ, 28ಕ್ಕೆ ನಿಮ್ಮ ಕಡೆಯಿಂದ ಯಾರು ಬರ್ತಾರೆ ಅಂತ ತಿಳಿಸಿ. ಉತ್ತರ ಬರದಿದ್ರೂ ಕೊನೆ ದಿನ ಬದಲಾಗಲ್ಲ. ಫೋನಲ್ಲಿ ಏನೇ ಮಾತಾದ್ರೂ ಮೇಲ್‌ನಲ್ಲಿ ಬಂದಿದ್ದೇ ಲೆಕ್ಕ.

ಇಂತಿ,
ಕಾರ್ಯದರ್ಶಿ, ಕಮಿಟಿ ಪರವಾಗಿ
ಪ್ರತಿ: ಅಧ್ಯಕ್ಷರು, ಖಜಾಂಚಿ