ತಾಲ್ಲೂಕು ಕಬಡ್ಡಿ ಫೈನಲ್ ಆದ ಮೇಲೆ ರಕ್ಷಿತಾಗೆ

ರಕ್ಷಿತಾ,

ಗೆದ್ದ ಖುಷಿಯಲ್ಲಿ ಬಸ್ಸಿನಲ್ಲಿ ಎಲ್ಲರೂ ಹಾಡಿಕೊಂಡು ಬಂದಿರಿ. ಅಲ್ಲಿ ಆಟದ ಮಾತು ತೆಗೆದಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಸ್ಕೋರ್ ಪುಸ್ತಕ ಪಕ್ಕದಲ್ಲೇ ಇದೆ, ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿ ಆಡಿದ್ದರ ಲೆಕ್ಕ. ಫೈನಲ್‌ನಲ್ಲಿ ನೀನು 13 ರೈಡ್ ಮಾಡಿದೆ. ಟಚ್‌ನಿಂದ 6 ಪಾಯಿಂಟ್, ಬೋನಸ್ 1. ನಾವು ಗೆದ್ದದ್ದು 27–24ರಲ್ಲಿ. ನಿನ್ನ 7 ತೆಗೆದರೆ ಏನಾಗುತ್ತಿತ್ತು ಅಂತ ನೀನೇ ನೋಡು. ಒಂಬತ್ತನೇ ಕ್ಲಾಸಿನ ಹುಡುಗಿ ಹತ್ತನೇ ಕ್ಲಾಸಿನವರ ಮುಂದೆ ಇಷ್ಟು ಧೈರ್ಯವಾಗಿ ನುಗ್ಗೋದು ಸಣ್ಣ ಮಾತಲ್ಲ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮೊದಲರ್ಧದ ಒಂದು ರೈಡ್. ನಿನ್ನ ಬಲಗಡೆ ಕಾರ್ನರ್‌ನಲ್ಲಿದ್ದ ಎತ್ತರದ ಹುಡುಗಿ ಮುಂಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ನೀನು ಸುಮ್ನೆ ಕೈ ಬೀಸಲಿಲ್ಲ. ಕವರ್ ಕಡೆ ಹೋಗುವವಳ ಹಾಗೆ ಎಡಕ್ಕೆ ಒಂದು ಹೆಜ್ಜೆ ಇಟ್ಟೆ. ಅವಳು ಆಸೆಪಟ್ಟು ಮುಂದೆ ಬಂದಳು. ತಕ್ಷಣ ಬಲಗಾಲು ಚಾಚಿ ಅವಳ ಪಾದಕ್ಕೆ ಬೆರಳು ತಾಗಿಸಿ ಬಂದೆ. ಎದುರಿನವರ ಕಾಲು ನೋಡಿ ಆಡೋದನ್ನು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ. ನಿನ್ನಷ್ಟಕ್ಕೆ ನೀನೇ ಕಂಡುಕೊಂಡದ್ದು ಅದು. ಅದನ್ನು ಬಿಡಬೇಡ.

ಈಗ ಕೆಲಸದ ಮಾತು. 13ರಲ್ಲಿ 4 ಸಲ ಸಿಕ್ಕಿಬಿದ್ದೆ. ಅದರಲ್ಲಿ ಮೂರು ಸಲ ಸಿಕ್ಕಿದ್ದು ಯಾರನ್ನೋ ಮುಟ್ಟಿ ಆದ ಮೇಲೆ! ಅಂದರೆ ನೀನು ಹೋಗುವುದರಲ್ಲಿ ತೊಂದರೆ ಇಲ್ಲ, ವಾಪಸ್ ಬರುವುದರಲ್ಲಿದೆ. ಜಿಲ್ಲಾ ಮಟ್ಟಕ್ಕೆ ಇನ್ನು ಮೂರು ವಾರ ಇದೆ. ಈ ಮೂರು ವಾರ ನಿನಗೆ ಹೊಸ ಟಚ್ ಯಾವುದೂ ಬೇಡ. ಡುಬ್ಕಿ ಕಲಿಸಿ ಅಂತ ಕೇಳುತ್ತಿದ್ದೀಯಲ್ಲ, ಅದೂ ಸದ್ಯಕ್ಕೆ ಬೇಡ. ವಾಪಸ್ ಬರೋದಷ್ಟೇ.

ಮುಟ್ಟಿದ ಕೂಡಲೇ ನೀನು ಪೂರ್ತಿ ತಿರುಗಿ, ಬೆನ್ನು ತೋರಿಸಿ ಓಡುತ್ತೀಯ. ತಿರುಗುವಷ್ಟರಲ್ಲಿ ಕವರ್‌ನವಳು ಸೊಂಟಕ್ಕೆ ಬಂದಿರುತ್ತಾಳೆ. ನಿನಗೆ ಅವಳು ಕಾಣುವುದೇ ಇಲ್ಲ. ಹಾಗಲ್ಲ. ಮುಖ ಅವರ ಕಡೆಗೇ ಇರಲಿ, ಮಂಡಿ ಬಗ್ಗಿರಲಿ. ಮುಂದಿಟ್ಟ ಕಾಲಿನಿಂದ ನೆಲ ಒದ್ದು ಹಿಂದಕ್ಕೆ ಚಿಮ್ಮು. ಎರಡು ಹೆಜ್ಜೆ ಹಿಂದೆ ಬಂದ ಮೇಲೆ ಬೇಕಾದರೆ ತಿರುಗು. ನೇರವಾಗಿಯೂ ಬರಬೇಡ. ಕೈ ಕೈ ಹಿಡಿದ ಅವರ ಚೈನ್ ಯಾವ ಕಡೆಯಿಂದ ಮುಚ್ಚುತ್ತಿದೆಯೋ ಅದರ ಎದುರು ದಿಕ್ಕಿಗೆ ಓರೆಯಾಗಿ ಬಾ. ಇನ್ನೊಂದು ವಿಷಯ: ಮುಟ್ಟಿದ ಮೇಲೆ ಅಂಕಣದ ಪಕ್ಕದ ಲಾಬಿಯೂ ನಿನ್ನದೇ. ಮುಟ್ಟದೆ ಲಾಬಿಗೆ ಕಾಲಿಟ್ಟರೆ ಔಟ್ ಅನ್ನೋ ಹೆದರಿಕೆ ನಿನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ, ಅದು ಒಳ್ಳೆಯದೇ. ಆದರೆ ಎರಡನೇ ಸಲ ಸಿಕ್ಕಿಬಿದ್ದಾಗ ಟಚ್ ಆಗಿತ್ತು, ಲಾಬಿ ಖಾಲಿ ಇತ್ತು. ನೀನು ಗೆರೆ ನೋಡಿ ಒಳಗೇ ನಿಂತುಬಿಟ್ಟೆ.

ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ನಿನಗೂ ಬೇಜಾರಾಗಿತ್ತು ಅಂತ ಗೊತ್ತು. ಎರಡನೇ ಅರ್ಧ, ಸ್ಕೋರ್ 19–19. ಟಚ್ ಮಾಡಿ ಹಿಂದೆ ಬರುವಾಗ ಕಾರ್ನರ್‌ನವಳು ನಿನ್ನ ಎಡ ಆಂಕಲ್ ಹಿಡಿದಳು. ನೀನು ಏನು ಮಾಡಿದೆ? ಮಂಡಿ ಊರಿ ಕೂತು, ಎರಡೂ ಕೈಯಲ್ಲಿ ಅವಳ ಹಿಡಿತ ಬಿಡಿಸೋಕೆ ನೋಡಿದೆ. ಮಿಡ್ ಲೈನ್‌ಗೂ ನಿನ್ನ ಭುಜಕ್ಕೂ ಮಧ್ಯ ಒಂದೂವರೆ ಮೊಳ ಇತ್ತು ಅಷ್ಟೇ. ಉದ್ದಕ್ಕೆ ಬಿದ್ದು ಕೈ ಚಾಚಿದ್ದರೆ ಬೆರಳು ಗೆರೆ ದಾಟುತ್ತಿತ್ತು. ಅಲ್ಲಿಗೆ ನೀನು ಮುಟ್ಟಿದವಳೂ ಔಟ್, ನಿನ್ನನ್ನು ಹಿಡಿದವಳೂ ಔಟ್. ಕಾಲು ಅವಳ ಹತ್ತಿರವೇ ಇರಲಿ ಬಿಡು, ನಿನಗೆ ಬೇಕಾದದ್ದು ಗೆರೆ. ಅಲ್ಲದೆ ಕೂತ ಕೂಡಲೇ ನಿನ್ನ 'ಕಬಡ್ಡಿ ಕಬಡ್ಡಿ' ನಿಂತಿತ್ತು. ಬೆಂಚಿನಲ್ಲಿ ಕೂತ ನನಗೇ ಅದು ಗೊತ್ತಾಯಿತು. ಪಕ್ಕದಲ್ಲಿದ್ದ ಅಂಪೈರ್‌ಗೆ ಗೊತ್ತಾಗಲ್ವಾ? ಕೈ ಗೆರೆ ದಾಟಿದ್ದರೂ ಆ ಪಾಯಿಂಟ್ ಸಿಗುತ್ತಿರಲಿಲ್ಲ.

ಇದಕ್ಕೆ ಅಭ್ಯಾಸ ಹೀಗೆ. ದಿನಾ ಸಂಜೆ ವಾರ್ಮ್ ಅಪ್ ಆದ ಮೇಲೆ ದೀಪಾ ನಿನ್ನ ಆಂಕಲ್ ಹಿಡಿಯುತ್ತಾಳೆ, ಮಿಡ್ ಲೈನ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ನೀನು ಹಿಡಿತ ಬಿಡಿಸೋ ಹಾಗಿಲ್ಲ. ಬಿದ್ದು, ಚಾಚಿ, ಎಳೆದುಕೊಂಡು ಗೆರೆ ಮುಟ್ಟಬೇಕು. ಎಡಗಾಲಿಗೆ ಹತ್ತು, ಬಲಗಾಲಿಗೆ ಹತ್ತು. ಬಾಯಲ್ಲಿ ಕ್ಯಾಂಟ್ ನಿಲ್ಲಬಾರದು, ನಿಂತರೆ ಆ ಸಲದ್ದು ಲೆಕ್ಕಕ್ಕಿಲ್ಲ. ದಮ್ಮಿಗೆ ಬೆಳಿಗ್ಗೆ ಸ್ಕಿಪ್ಪಿಂಗ್ ಮಾಡು, 30 ಸೆಕೆಂಡ್ ಕಬಡ್ಡಿ ಹೇಳುತ್ತಾ, 30 ಸೆಕೆಂಡ್ ಸುಮ್ಮನಿದ್ದು. ಒಂದು ರೈಡ್‌ಗೆ ಸಿಗೋದು ಅಷ್ಟೇ ಹೊತ್ತು ತಾನೇ. ಮಂಡಿ ತರಚಿದ್ದು ವಾಸಿಯಾಗುವವರೆಗೆ ನೀಕ್ಯಾಪ್ ಇಲ್ಲದೆ ಮ್ಯಾಟ್ ಹತ್ತಬೇಡ.

ನಾಲ್ಕನೇ ಸಲ ಸಿಕ್ಕಿಬಿದ್ದದ್ದು ಬೋನಸ್ ಆಸೆಗೆ. ಆಗ ಎದುರಿಗಿದ್ದವರು ಐದು ಜನ. ಆರು ಜನ ಇಲ್ಲದಿದ್ದರೆ ಬೋನಸ್ ಇಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು, ಆದರೂ ಎಣಿಸದೆ ನುಗ್ಗಿದೆ. ಮಿಡ್ ಲೈನ್ ದಾಟುವ ಮುಂಚೆ ತಲೆ ಎಣಿಸು. ಜೋರಾಗಿ ಎಣಿಸಿದರೂ ನಾಚಿಕೆ ಇಲ್ಲ. ಇನ್ನೊಂದು ಸಲ ಆರು ಜನ ಇದ್ದರು, ಆದರೂ ಅಂಪೈರ್ ಬೋನಸ್ ಕೊಡಲಿಲ್ಲ. ನೀನು ಕೈಯೆತ್ತಿ ಅವರ ಮುಖ ನೋಡುತ್ತಾ ನಿಂತೆ. ಅವರದ್ದೇನೂ ತಪ್ಪಿಲ್ಲ. ಮುಂದಿನ ಕಾಲು ಬೋನಸ್ ಲೈನ್ ದಾಟಿದಾಗ ನಿನ್ನ ಹಿಂದಿನ ಕಾಲು ನೆಲದಲ್ಲೇ ಇತ್ತು. ಅದು ಗಾಳಿಯಲ್ಲಿರಬೇಕು. ಇದು ಒಂದು ವಾರದಲ್ಲಿ ಸರಿಹೋಗುವಂಥದ್ದು, ಚಿಂತೆ ಬೇಡ.

ಕೊನೆಯ ನಿಮಿಷದ ರೈಡ್‌ಗೆ ಎಲ್ಲರೂ ಶಿಳ್ಳೆ ಹೊಡೆದರು. ನಾನು ಹೊಡೆಯಲಿಲ್ಲ. 3 ಪಾಯಿಂಟ್ ಮುಂದಿದ್ದೆವು. ಬಾಕ್ ಲೈನ್ ದಾಟಿ, ಹೊತ್ತು ಕಳೆದು, ವಾಪಸ್ ಬಂದಿದ್ದರೆ ಸಾಕಿತ್ತು. ನೀನು ಕಾರ್ನರ್‌ವರೆಗೂ ಹೋದೆ. ಸಿಗಲಿಲ್ಲ, ಸರಿ. ಜಿಲ್ಲಾ ಮಟ್ಟದವರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ರೈಡ್‌ಗೆ ಮುಂಚೆ ಒಂದು ಸಲ ಬೆಂಚಿನ ಕಡೆ ನೋಡು. ನಾನು ಅಂಗೈ ಕೆಳಗೆ ಮಾಡಿ ತೋರಿಸಿದರೆ ನಿಧಾನ ಅಂತ ಅರ್ಥ.

ಮನೆಯಲ್ಲಿ ಅಣ್ಣನ ಫೋನ್ ಸಿಕ್ಕರೆ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್ ಹುಡುಕಿ ನೋಡು, ಇರಾನ್ ವಿರುದ್ಧದ್ದು. ನಮ್ಮ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇಬ್ಬರೂ ಚಿನ್ನ ಗೆದ್ದ ಆ ತಂಡದಲ್ಲಿದ್ದರು. ಮಮತಾ ಕಾರ್ಕಳದ ಕಡೆಯ ಹಳ್ಳಿಯವರು. ಪಾಯಿಂಟ್ ನೋಡಬೇಡ. ರೈಡರ್ ಮುಟ್ಟಿದ ಮೇಲಿನ ಎರಡು ಹೆಜ್ಜೆ ಮಾತ್ರ ನೋಡು, ಹಿಂದಕ್ಕೆ ಓಡಿಸಿ ಮತ್ತೆ ನೋಡು. ಏನು ಕಂಡಿತು ಅಂತ ಬಂದು ನನಗೆ ಹೇಳು.

ಅಪ್ಪ ನಿನ್ನೆ ಫೋನ್ ಮಾಡಿದ್ದರು, ಗಣಿತದ ಟೆಸ್ಟ್ ಬಗ್ಗೆ. ಬುಧವಾರ ಪ್ರಾಕ್ಟೀಸ್‌ಗೆ ಬರಬೇಡ, ಓದಿಕೊ. ಅವರಿಗೂ ಹೇಳಿದ್ದೇನೆ. ಗುರುವಾರ ಐದಕ್ಕೆ ದೀಪಾಳನ್ನೂ ಕರೆದುಕೊಂಡು ಬಾ, ಸ್ಕಿಪ್ಪಿಂಗ್ ಹಗ್ಗ ನಿನ್ನದೇ ತಾ. ಶಾಲೆಯದ್ದು ತುಂಡಾಗಿದೆ.

ನಿನ್ನ ಪಿ.ಟಿ. ಸರ್